ರೇಡಿಯೊ ತರಂಗ ಆಕಾಶದಿಂದ ಏಕೆ ಮರಳುತ್ತದೆ? ಪ್ಲಾಸ್ಮಾ ಆವೃತ್ತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಉದಾಹರಣೆಯ ಬೆನ್ನು ಹತ್ತಿ ಹೋಗುತ್ತವೆ. ನೆಲದ ಮೇಲಿನ ಆಂಟೆನಾದಿಂದ 6 ಮೆಗಾಹರ್ಟ್ಜ್ ಆವೃತ್ತಿಯ ಒಂದು ಪುಟ್ಟ ಸ್ಪಂದವನ್ನು ನೆಟ್ಟಗೆ ಮೇಲಕ್ಕೆ ಕಳಿಸಿದ್ದೇವೆ. ಸುಮಾರು ಎರಡು ಮಿಲಿಸೆಕೆಂಡಿನೊಳಗೆ ಅದು ಹಿಂದಿರುಗಿ ಬರುತ್ತದೆ. ನಡುವೆ ಅದಕ್ಕೆ ಏನಾಯಿತು ಎಂಬುದೇ ಇಲ್ಲಿನ ವಿಷಯ. ಗಣಿತ ಬೇಡವೆನ್ನುವವರು ಸೂತ್ರಗಳನ್ನು ದಾಟಿ ಓದಬಹುದು, ಎಳೆ ತಪ್ಪುವುದಿಲ್ಲ.

ಮೇಲೆ ತರಂಗವನ್ನು ತಡೆಯುವಂಥದ್ದು ಏನಿದೆ?

ತಡೆಯುವಂಥದ್ದು ಎಂದು ಕಣ್ಣಿಗೆ ಕಾಣುವುದು ಏನೂ ಇಲ್ಲ. ಸುಮಾರು 60 ಕಿಲೋಮೀಟರಿನಿಂದ ಮೇಲಕ್ಕೆ, ಸೂರ್ಯನ ಅತಿನೇರಳೆ ಕಿರಣಗಳೂ ಕ್ಷ-ಕಿರಣಗಳೂ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡುತ್ತವೆ. ಹೀಗೆ ಬಿಡಿಯಾದ ಎಲೆಕ್ಟ್ರಾನುಗಳೂ ಅವನ್ನು ಕಳೆದುಕೊಂಡ ಅಯಾನುಗಳೂ ಬೆರೆತಿರುವ ವಲಯವೇ ಅಯಾನುಗೋಳ. ಅದರ ಒಳಗೆ ಡಿ, ಇ, ಎಫ್ ಎಂದು ಪದರಗಳನ್ನು ಗುರುತಿಸುತ್ತಾರೆ. ನಮ್ಮ ಸ್ಪಂದಕ್ಕೆ ಮುಖ್ಯವಾದದ್ದು ಎಫ್ ಪದರ. ಹಗಲಿನಲ್ಲಿ ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಅಲ್ಲಿ ಒಂದು ಘನ ಸೆಂಟಿಮೀಟರಿಗೆ ಹತ್ತು ಲಕ್ಷದಷ್ಟು ಬಿಡಿ ಎಲೆಕ್ಟ್ರಾನುಗಳಿರಬಹುದು.

ಹತ್ತು ಲಕ್ಷ ಎಂದರೆ ದೊಡ್ಡ ಸಂಖ್ಯೆಯಂತೆ ಕೇಳಿಸುತ್ತದೆ, ಆದರೆ ಅದು ಬರಿದಾದ ಜಾಗ. ಆ ಎತ್ತರದ ತೆಳು ಅನಿಲದಲ್ಲೂ ಸಾವಿರಕ್ಕೆ ಒಂದರಷ್ಟು ಪರಮಾಣು ಮಾತ್ರ ಒಡೆದಿರುತ್ತದೆ. ಇಷ್ಟು ವಿರಳವಾದ ವಸ್ತು ರೇಡಿಯೊ ತರಂಗವನ್ನು ಪೂರ್ತಿಯಾಗಿ ಹಿಂದಕ್ಕೆ ಕಳಿಸುತ್ತದೆ ಎಂಬುದೇ ಮೊದಲ ಅಚ್ಚರಿ.

ಪ್ಲಾಸ್ಮಾ ಆವೃತ್ತಿ ಎಂದರೆ ನಿಜವಾಗಿ ಏನು?

ತರಂಗವನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಎಲೆಕ್ಟ್ರಾನುಗಳೂ ಅಯಾನುಗಳೂ ಸಮನಾಗಿ ಹರಡಿರುವ ಒಂದು ಚಪ್ಪಟೆ ಹಾಳೆಯಂಥ ಪ್ಲಾಸ್ಮಾವನ್ನು ಮನಸ್ಸಿಗೆ ತಂದುಕೊಳ್ಳಿ. ಎರಡರ ಆವೇಶಗಳೂ ಒಂದನ್ನೊಂದು ಅಳಿಸಿರುವುದರಿಂದ ಅಲ್ಲಿ ಯಾವ ವಿದ್ಯುತ್ ಕ್ಷೇತ್ರವೂ ಇಲ್ಲ. ಈಗ ಎಲ್ಲ ಎಲೆಕ್ಟ್ರಾನುಗಳನ್ನೂ ಒಟ್ಟಾಗಿ ಬಲಕ್ಕೆ ಕೂದಲೆಳೆಯಷ್ಟು ಸರಿಸಿದೆವು ಎನ್ನಿ. ಬಲ ಅಂಚಿನಲ್ಲಿ ಎಲೆಕ್ಟ್ರಾನುಗಳ ತೆಳು ಪೊರೆಯೊಂದು ಹೊರಚಾಚುತ್ತದೆ, ಎಡ ಅಂಚಿನಲ್ಲಿ ಅಯಾನುಗಳ ಪೊರೆ ಬರಿದಾಗಿ ಉಳಿಯುತ್ತದೆ. ಈ ಎರಡು ಪೊರೆಗಳ ನಡುವೆ ವಿದ್ಯುತ್ ಕ್ಷೇತ್ರ ಹುಟ್ಟಿ ಎಲೆಕ್ಟ್ರಾನುಗಳನ್ನು ಎಡಕ್ಕೆ ಎಳೆಯುತ್ತದೆ. ಸರಿಸಿದ ದೂರ ಹೆಚ್ಚಿದಷ್ಟೂ ಎಳೆತ ಹೆಚ್ಚು.

ದೂರಕ್ಕೆ ತಕ್ಕಷ್ಟು ಎಳೆತ ಎಂದರೆ ಅದು ಸ್ಪ್ರಿಂಗಿನ ನಡತೆ. ಕೈಬಿಟ್ಟರೆ ಎಲೆಕ್ಟ್ರಾನುಗಳು ಎಡಕ್ಕೆ ಓಡಿ, ತಮ್ಮ ಜಾಗವನ್ನು ದಾಟಿ ಹೋಗಿ, ಮತ್ತೆ ಬಲಕ್ಕೆ ಬರುತ್ತವೆ. ಈ ಸಾಮೂಹಿಕ ತೂಗಾಟ ಸೆಕೆಂಡಿಗೆ ಎಷ್ಟು ಬಾರಿ ನಡೆಯುತ್ತದೆಯೋ ಅದೇ ಪ್ಲಾಸ್ಮಾ ಆವೃತ್ತಿ. ಪ್ಲಾಸ್ಮಾ ಎಂಬ ಹೆಸರನ್ನು ಇಂಥ ಅನಿಲಕ್ಕೆ ಕೊಟ್ಟ ಅರ್ವಿಂಗ್ ಲ್ಯಾಂಗ್ಮ್ಯೂರ್ ಮತ್ತು ಅವರ ಜೊತೆಗಾರ ಲೆವಿ ಟಾಂಕ್ಸ್ 1929ರಲ್ಲಿ ಈ ತೂಗಾಟವನ್ನು ವಿವರಿಸಿದರು.

ಸೂತ್ರ ಹೇಗಿದೆ? ಅದರಲ್ಲಿ ಏನು ಗಮನಿಸಬೇಕು?

ಒಂದು ಘನ ಮೀಟರಿನಲ್ಲಿ N ಎಲೆಕ್ಟ್ರಾನುಗಳಿದ್ದರೆ:

```
f_p = (1/2π) √(N e² / ε₀ m)  ≈  9 √N   (Hz)
```

ಇಲ್ಲಿ e ಎಂಬುದು ಎಲೆಕ್ಟ್ರಾನಿನ ಆವೇಶ, m ಅದರ ರಾಶಿ. ಇವೆರಡೂ, ಖಾಲಿ ಜಾಗದ ವಿದ್ಯುತ್ ಗುಣವನ್ನು ಹೇಳುವ ε₀ ಕೂಡ, ಬದಲಾಗದ ಸ್ಥಿರಾಂಕಗಳು. ಹಾಗಾಗಿ ಉಳಿಯುವುದು N ಒಂದೇ. ಹಾಳೆ ಎಷ್ಟು ದಪ್ಪ, ಅನಿಲ ಆಮ್ಲಜನಕವೋ ಸಾರಜನಕವೋ, ಎಷ್ಟು ಬಿಸಿ ಎಂಬ ಯಾವುದೂ ಈ ಸೂತ್ರದೊಳಗೆ ಬರುವುದಿಲ್ಲ. ಇದು ಕೆಲಸಕ್ಕೆ ಬರುವ ಸಂಗತಿ: ಆವೃತ್ತಿಯನ್ನು ಅಳೆದರೆ ಎಲೆಕ್ಟ್ರಾನುಗಳನ್ನು ಎಣಿಸಿದಂತೆಯೇ ಸರಿ.

ಎಫ್ ಪದರದ ತುದಿಯಲ್ಲಿ N = 10¹² ಎಂದಿಟ್ಟುಕೊಂಡರೆ ಅದರ ವರ್ಗಮೂಲ ಹತ್ತು ಲಕ್ಷ, ಒಂಬತ್ತರಿಂದ ಗುಣಿಸಿದರೆ 9 ಮೆಗಾಹರ್ಟ್ಜ್. ವರ್ಗಮೂಲವಿರುವುದರಿಂದ ಎಲೆಕ್ಟ್ರಾನುಗಳು ನಾಲ್ಕು ಪಟ್ಟಾದರೆ ಮಾತ್ರ ಆವೃತ್ತಿ ಎರಡು ಪಟ್ಟಾಗುತ್ತದೆ. ನಮ್ಮ 6 ಮೆಗಾಹರ್ಟ್ಜ್‌ಗೆ ಸರಿಹೊಂದುವ ಸಾಂದ್ರತೆ ಎಷ್ಟು? ಸೂತ್ರವನ್ನು ತಿರುಗಿಸಿದರೆ 4.44 × 10¹¹ ಬರುತ್ತದೆ, ಅಂದರೆ ಘನ ಸೆಂಟಿಮೀಟರಿಗೆ ಸುಮಾರು 4,44,000. ಈ ಸಂಖ್ಯೆ ಮುಂದೆ ಮತ್ತೆ ಬರಲಿದೆ.

ಅಯಾನುಗಳೂ ಅಷ್ಟೇ ಸಂಖ್ಯೆಯಲ್ಲಿ ಇವೆಯಲ್ಲ, ಅವು ಏಕೆ ಲೆಕ್ಕಕ್ಕಿಲ್ಲ?

ಅವು ಭಾರ. ಎಫ್ ಪದರದಲ್ಲಿ ಹೆಚ್ಚಾಗಿರುವ ಆಮ್ಲಜನಕದ ಅಯಾನು ಎಲೆಕ್ಟ್ರಾನಿಗಿಂತ ಸುಮಾರು 29,000 ಪಟ್ಟು ತೂಕದ್ದು. ಅದೇ ಬಲಕ್ಕೆ ಅದು ಅಷ್ಟೇ ಪಟ್ಟು ಕಡಿಮೆ ಅಲುಗುತ್ತದೆ. ತರಂಗದ ಮಟ್ಟಿಗೆ ಅಯಾನುಗಳು ನಿಂತಲ್ಲೇ ನಿಂತ ಹಿನ್ನೆಲೆ.

ಸರಿ, ತರಂಗ ಬಂದಾಗ ಎಲೆಕ್ಟ್ರಾನು ಏನು ಮಾಡುತ್ತದೆ?

ಇದೇ ಇಡೀ ವಿಷಯದ ತಿರುಳು, ನಿಧಾನವಾಗಿ ನೋಡೋಣ.

ರೇಡಿಯೊ ತರಂಗ ಎಂದರೆ ಅತ್ತಿತ್ತ ತೂಗುವ ವಿದ್ಯುತ್ ಕ್ಷೇತ್ರ, ಅದಕ್ಕೆ ಅಡ್ಡಲಾಗಿ ತೂಗುವ ಕಾಂತಕ್ಷೇತ್ರ. ಖಾಲಿ ಜಾಗದಲ್ಲಿ ಇವೆರಡೂ ಒಂದನ್ನೊಂದು ಹುಟ್ಟಿಸಿಕೊಳ್ಳುತ್ತಾ ಮುಂದೆ ಸಾಗುತ್ತವೆ: ಕಾಂತಕ್ಷೇತ್ರ ಬದಲಾದರೆ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ, ವಿದ್ಯುತ್ ಕ್ಷೇತ್ರ ಬದಲಾದರೆ ಕಾಂತಕ್ಷೇತ್ರ ಹುಟ್ಟುತ್ತದೆ. ಈ ಎರಡನೆಯ ಕೆಲಸವನ್ನು, ಎಂದರೆ ಬದಲಾಗುವ ವಿದ್ಯುತ್ ಕ್ಷೇತ್ರವು ತಾನೇ ಒಂದು ಪ್ರವಾಹದಂತೆ ವರ್ತಿಸುವುದನ್ನು, ಮ್ಯಾಕ್ಸ್‌ವೆಲ್ ಸ್ಥಾನಪಲ್ಲಟ ಪ್ರವಾಹ ಎಂದು ಕರೆದರು. ತರಂಗದ ಉಸಿರು ಇರುವುದು ಅದರಲ್ಲಿ.

ಈಗ ದಾರಿಯಲ್ಲಿ ಬಿಡಿ ಎಲೆಕ್ಟ್ರಾನೊಂದು ಸಿಗುತ್ತದೆ. ಅದನ್ನು ಯಾರೂ ಕಟ್ಟಿಹಾಕಿಲ್ಲ. ನುಣುಪಾದ ನೆಲದ ಮೇಲೆ ಒಂದು ಚೆಂಡನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳುತ್ತಾ ಅದೇ ಜಾಗದಲ್ಲಿ ತೂಗಿಸುವುದನ್ನು ನೆನೆಯಿರಿ. ಚೆಂಡು ಬಲತುದಿಯಲ್ಲಿದ್ದಾಗ ಅದನ್ನು ಹಿಂದಿರುಗಿಸಲು ಎಡಕ್ಕೆ ತಳ್ಳಬೇಕು, ಎಡತುದಿಯಲ್ಲಿದ್ದಾಗ ಬಲಕ್ಕೆ. ಅಂದರೆ ಬಿಡಿ ವಸ್ತು ತೂಗುವಾಗ ಅದರ ಸ್ಥಾನ ಯಾವಾಗಲೂ ಬಲದ ವಿರುದ್ಧ ದಿಕ್ಕಿನಲ್ಲಿರುತ್ತದೆ. ಗಾಜಿನೊಳಗಿನ ಎಲೆಕ್ಟ್ರಾನು ಹೀಗಲ್ಲ. ಅದು ಪರಮಾಣುವಿಗೆ ಕಟ್ಟಿಕೊಂಡಿದೆ, ಬಲ ಎಳೆದತ್ತ ಸ್ವಲ್ಪ ವಾಲುತ್ತದೆ. ಗಾಜು ಬೆಳಕಿಗೆ ಒಂದು ರೀತಿ, ಪ್ಲಾಸ್ಮಾ ರೇಡಿಯೊಗೆ ಅದರ ವಿರುದ್ಧ ರೀತಿ ವರ್ತಿಸುವುದಕ್ಕೆ ಮೂಲ ಇಲ್ಲಿದೆ.

ಈ ವಿರುದ್ಧತೆಯ ಫಲ ಹೀಗೆ: ಅಲುಗುವ ಎಲೆಕ್ಟ್ರಾನುಗಳ ಪ್ರವಾಹವು ತರಂಗದ ಸ್ಥಾನಪಲ್ಲಟ ಪ್ರವಾಹಕ್ಕೆ ಸರಿಯಾಗಿ ಎದುರಾಗಿ ಹರಿಯುತ್ತದೆ. ಒಂದು ಕೂಡುವಾಗ ಇನ್ನೊಂದು ಕಳೆಯುತ್ತದೆ. ಹಾಗಾದರೆ ಎರಡರಲ್ಲಿ ಯಾವುದು ದೊಡ್ಡದು? ಲೆಕ್ಕ ಹಾಕಿದರೆ ಎಲೆಕ್ಟ್ರಾನ್ ಪ್ರವಾಹಕ್ಕೂ ಸ್ಥಾನಪಲ್ಲಟ ಪ್ರವಾಹಕ್ಕೂ ಇರುವ ಅನುಪಾತ f_p²/f² ಎಂದು ಸಿಗುತ್ತದೆ. ಉಳಿದ ನಿವ್ವಳ ಪ್ರವಾಹ, ಖಾಲಿ ಜಾಗದಲ್ಲಿ ಇರುತ್ತಿದ್ದುದರ ಇಷ್ಟು ಭಾಗ:

```
1 − f_p²/f²
```

ತರಂಗದ ಆವೃತ್ತಿ f ದೊಡ್ಡದಾಗಿದ್ದರೆ ಕಳೆಯುವ ಭಾಗ ಕಡಿಮೆ, ತರಂಗ ಸಾಗುತ್ತದೆ. f ಮತ್ತು f_p ಸಮನಾದರೆ ಎಲೆಕ್ಟ್ರಾನುಗಳು ತರಂಗದ ಉಸಿರನ್ನು ಪೂರ್ತಿಯಾಗಿ ಕಟ್ಟಿಬಿಡುತ್ತವೆ. f ಇನ್ನೂ ಚಿಕ್ಕದಾದರೆ ನಿವ್ವಳ ಪ್ರವಾಹದ ದಿಕ್ಕೇ ತಿರುಗಿ, ಕ್ಷೇತ್ರಗಳು ತೂಗುತ್ತಾ ಸಾಗುವ ಬದಲು ಒಳಹೋದಂತೆ ಕುಗ್ಗಿ ಅಡಗುತ್ತವೆ. ಕೆಳ ಆವೃತ್ತಿಯ ತರಂಗ ಪ್ಲಾಸ್ಮಾದೊಳಗೆ ಹೋಗಲಾರದು ಎನ್ನುವುದರ ಅರ್ಥ ಇಷ್ಟೇ.

ಒಂದೊಂದು ಎಲೆಕ್ಟ್ರಾನು ಎಷ್ಟು ದೂರ ಅಲುಗುತ್ತದೆ?

ತೀರಾ ಕಡಿಮೆ. ಮೀಟರಿಗೆ ಒಂದು ಮಿಲಿವೋಲ್ಟಿನ ಕ್ಷೇತ್ರವುಳ್ಳ 6 ಮೆಗಾಹರ್ಟ್ಜ್ ತರಂಗದಲ್ಲಿ ಎಲೆಕ್ಟ್ರಾನು ಒಂದು ಬದಿಗೆ ಸರಿಯುವುದು ಸುಮಾರು 0.12 ಮೈಕ್ರೋಮೀಟರ್. ಪಕ್ಕದ ಎಲೆಕ್ಟ್ರಾನು ಇರುವುದು ಸುಮಾರು 0.13 ಮಿಲಿಮೀಟರ್ ಆಚೆಗೆ, ಅಂದರೆ ಸಾವಿರ ಪಟ್ಟು ದೂರದಲ್ಲಿ. ಬಿಡಿಯಾಗಿ ನೋಡಿದರೆ ಈ ಅಲುಗಾಟ ಲೆಕ್ಕಕ್ಕೇ ಬಾರದು. ಆದರೆ ತರಂಗದೂರ 50 ಮೀಟರ್. ಅಷ್ಟು ಉದ್ದ, ಅಗಲ, ಎತ್ತರದ ಒಂದು ಘನದೊಳಗೆ 5 × 10¹⁶ಕ್ಕೂ ಹೆಚ್ಚು ಎಲೆಕ್ಟ್ರಾನುಗಳಿವೆ, ಎಲ್ಲವೂ ಒಂದೇ ತಾಳಕ್ಕೆ ಅಲುಗುತ್ತಿವೆ. ತರಂಗವನ್ನು ತಿರುಗಿಸುವುದು ಈ ಒಕ್ಕೂಟ.

ನಿಧಾನದ ತರಂಗಕ್ಕೆ ಎಲೆಕ್ಟ್ರಾನು ಹೆಜ್ಜೆ ಹಾಕಬಲ್ಲದು, ವೇಗದ ತರಂಗಕ್ಕೆ ಹಾಕಲಾರದು ಎಂದು ಓದಿದ್ದೆ. ಅದು ತಪ್ಪೇ?

ಅರ್ಧ ಸರಿ. ನಾನೂ ಬಹಳ ಕಾಲ ಹೀಗೆಯೇ ಹೇಳುತ್ತಿದ್ದೆ. ಆವೃತ್ತಿ ಕಡಿಮೆಯಾದರೆ ಒಂದೊಂದು ತಳ್ಳುವಿಕೆಯೂ ಹೆಚ್ಚು ಹೊತ್ತು ಇರುತ್ತದೆ, ಎಲೆಕ್ಟ್ರಾನು ಹೆಚ್ಚು ವೇಗ ಗಳಿಸಿ ಹೆಚ್ಚು ದೂರ ಹೋಗುತ್ತದೆ. ಆವೃತ್ತಿ ಅರ್ಧವಾದರೆ ಅಲುಗಾಟದ ದೂರ ನಾಲ್ಕು ಪಟ್ಟು. ಈ ಮಟ್ಟಿಗೆ ಮಾತು ಸರಿ. ಆದರೆ ಹೆಜ್ಜೆ ಹಾಕುವುದು ಎಂದಾಗ ಯಾವುದೋ ಒಂದು ಆವೃತ್ತಿಯ ಮೇಲೆ ಎಲೆಕ್ಟ್ರಾನು ಸೋತು ಕೈಚೆಲ್ಲುತ್ತದೆ ಎಂಬ ಭಾವನೆ ಬರುತ್ತದೆ. ಹಾಗೇನೂ ಇಲ್ಲ. ಬಿಡಿ ಎಲೆಕ್ಟ್ರಾನು ಎಲ್ಲ ಆವೃತ್ತಿಗೂ ಒಂದೇ ನಿಯಮದಿಂದ ಸ್ಪಂದಿಸುತ್ತದೆ. ಗಡಿ ಹುಟ್ಟುವುದು ಎಲೆಕ್ಟ್ರಾನುಗಳ ಒಟ್ಟು ಪ್ರವಾಹ ತರಂಗದ ಸ್ವಂತ ಪ್ರವಾಹವನ್ನು ಮೀರುವ ಹಂತದಲ್ಲಿ. ಆ ಹಂತವನ್ನು ಸಾಂದ್ರತೆ ನಿರ್ಧರಿಸುತ್ತದೆ. ಅದಕ್ಕೇ ಕೆಳ ಆವೃತ್ತಿ ಎಂಬ ಮಾತಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಯಾವ ಪ್ಲಾಸ್ಮಾಕ್ಕೆ ಕೆಳಗಿನದು ಎಂದು ಕೇಳಬೇಕು.

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ಉದ್ದ ತರಂಗ ಎಲೆಕ್ಟ್ರಾನುಗಳ ನಡುವಿನ ಸಂದಿಯಲ್ಲಿ ತೂರಲಾರದು, ಜಾಲರಿಗೆ ಸಿಕ್ಕಿಬೀಳುತ್ತದೆ ಎನ್ನುವುದು. ಹಾಗಿದ್ದರೆ 0.13 ಮಿಲಿಮೀಟರಿನ ಸಂದಿಯಲ್ಲಿ ಒಂದು ಮೀಟರ್ ತರಂಗದೂರದ ಅಲೆಯೂ ತೂರಬಾರದಿತ್ತು, ಆದರೆ ಅದು ಸಲೀಸಾಗಿ ಹಾದುಹೋಗುತ್ತದೆ. ಸಂದಿಯ ಮಾತನ್ನು ಕೈಬಿಡುವುದು ಒಳ್ಳೆಯದು.

f ಮತ್ತು f_p ಸಮನಾದಾಗ ಅನುರಣನೆ ಆಗಿ ಎಲೆಕ್ಟ್ರಾನುಗಳು ಜೋರಾಗಿ ತೂಗಬೇಕಲ್ಲವೇ?

ಒಳ್ಳೆಯ ಪ್ರಶ್ನೆ. ಹಾಳೆಯ ಉದಾಹರಣೆಯಲ್ಲಿ ಸ್ಪ್ರಿಂಗಿನಂತೆ ಎಳೆದದ್ದು ಅಂಚಿನಲ್ಲಿ ಕೂಡಿಬಿದ್ದ ಆವೇಶ. ರೇಡಿಯೊ ತರಂಗ ಎಲೆಕ್ಟ್ರಾನುಗಳನ್ನು ಅಲುಗಿಸುವುದು ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ. ಮೇಲಕ್ಕೆ ಹೋಗುವ ತರಂಗದಲ್ಲಿ ಒಂದೊಂದು ಮಟ್ಟದ ಎಲೆಕ್ಟ್ರಾನುಗಳೆಲ್ಲ ಅಡ್ಡಡ್ಡ ಒಟ್ಟಿಗೆ ಜಾರುತ್ತವೆ, ಎಲ್ಲೂ ಗುಂಪುಗೂಡುವುದಿಲ್ಲ. ಆವೇಶ ಕೂಡಿಬೀಳದಿದ್ದರೆ ಸ್ಪ್ರಿಂಗೂ ಇಲ್ಲ, ಅನುರಣನೆಯೂ ಇಲ್ಲ. ಒಂದೇ ಸಂಖ್ಯೆ ಎರಡು ಬೇರೆ ದಾರಿಗಳಿಂದ ಬರುತ್ತದೆ: ಒಂದು ಕಡೆ ತೂಗಾಟದ ಆವೃತ್ತಿಯಾಗಿ, ಇನ್ನೊಂದು ಕಡೆ ಎರಡು ಪ್ರವಾಹಗಳು ಸಮನಾಗುವ ಆವೃತ್ತಿಯಾಗಿ.

ಒಳಹೋಗದ ತರಂಗದ ಶಕ್ತಿ ಎಲ್ಲಿ ಹೋಗುತ್ತದೆ? ಹೀರಿಕೆಯಾಗುತ್ತದೆಯೇ?

ಇಲ್ಲ, ಹಿಂದಿರುಗುತ್ತದೆ. ಎಲೆಕ್ಟ್ರಾನುಗಳು ಯಾವುದಕ್ಕೂ ಡಿಕ್ಕಿ ಹೊಡೆಯದಿದ್ದರೆ, ತರಂಗದ ಒಂದು ಆವರ್ತದ ಕಾಲುಭಾಗದಲ್ಲಿ ಪಡೆದ ಶಕ್ತಿಯನ್ನು ಮುಂದಿನ ಕಾಲುಭಾಗದಲ್ಲಿ ಹಾಗೆಯೇ ಮರಳಿಸುತ್ತವೆ. ಅಲುಗುವ ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಆಂಟೆನಾ. ಮೇಲ್ಮುಖವಾಗಿ ಅವು ಹೊರಸೂಸುವ ಅಲೆಗಳು ಮೂಲ ತರಂಗವನ್ನು ಅಳಿಸುತ್ತವೆ, ಕೆಳಮುಖವಾಗಿ ಸೂಸುವವು ಒಂದಕ್ಕೊಂದು ಕೂಡಿ ನೆಲಕ್ಕೆ ಮರಳುತ್ತವೆ. ತರಂಗದ ಬಾಲ ಪ್ಲಾಸ್ಮಾದೊಳಗೆ ಎಷ್ಟು ದೂರ ಇಣುಕುತ್ತದೆ ಎಂದು ಕೇಳಿದರೆ, 9 ಮೆಗಾಹರ್ಟ್ಜ್‌ನ ಪ್ಲಾಸ್ಮಾದಲ್ಲಿ 6 ಮೆಗಾಹರ್ಟ್ಜ್ ಕ್ಷೇತ್ರ ಪ್ರತಿ 7 ಮೀಟರಿಗೆ ಮೂರರಲ್ಲೊಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿಗೆ ಇಳಿಯುತ್ತದೆ. ನೂರು ಮೀಟರ್ ದಾಟುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ.

ಹಾಗಾದರೆ ಅಯಾನುಗೋಳ ಒಂದು ಕನ್ನಡಿ ಎನ್ನಬಹುದೇ?

ಎನ್ನುತ್ತಾರೆ, ಆದರೆ ಆ ಹೋಲಿಕೆ ಒಂದು ಮುಖ್ಯ ಸಂಗತಿಯನ್ನು ಮರೆಮಾಡುತ್ತದೆ. ಕನ್ನಡಿಗೆ ಒಂದು ಮೇಲ್ಮೈ ಇದೆ. ಅಯಾನುಗೋಳಕ್ಕೆ ಇಲ್ಲ. ಎಲೆಕ್ಟ್ರಾನುಗಳ ಸಾಂದ್ರತೆ ಹತ್ತಾರು ಕಿಲೋಮೀಟರುಗಳಲ್ಲಿ ಮೆಲ್ಲಗೆ ಏರುತ್ತದೆ, ತರಂಗ ಆ ಏರಿಕೆಯೊಳಗೆ ಹೊಕ್ಕು ನಿಧಾನಗೊಳ್ಳುತ್ತಾ ಹೋಗುತ್ತದೆ.

ಸ್ಪಂದದ ಪಯಣವನ್ನೇ ಲೆಕ್ಕ ಹಾಕಿ ನೋಡೋಣ. ಸರಳತೆಗಾಗಿ ಪದರ 200 ಕಿಲೋಮೀಟರಿನಲ್ಲಿ ಶುರುವಾಗಿ, ಸಾಂದ್ರತೆ ಸರಳರೇಖೆಯಲ್ಲಿ ಏರಿ 300 ಕಿಲೋಮೀಟರಿನಲ್ಲಿ 10¹² ಮುಟ್ಟುತ್ತದೆ ಎಂದುಕೊಳ್ಳೋಣ. 6 ಮೆಗಾಹರ್ಟ್ಜ್‌ಗೆ ಬೇಕಾದ ಸಾಂದ್ರತೆ 4.44 × 10¹¹ ಎಂದು ಮೊದಲೇ ಕಂಡಿದ್ದೇವೆ. ಏರಿಕೆ ಸಮನಾಗಿರುವುದರಿಂದ ಅದು ಸಿಗುವುದು ಪದರದ ತಳದಿಂದ 44.4 ಕಿಲೋಮೀಟರ್ ಮೇಲೆ, ಅಂದರೆ ನೆಲದಿಂದ 244.4 ಕಿಲೋಮೀಟರಿನಲ್ಲಿ. ಸ್ಪಂದ ತಿರುಗುವುದು ಅಲ್ಲಿ.

ಆದರೆ ಅದು ಅಲ್ಲಿಗೆ ತಲುಪುವಾಗ ಬೆಳಕಿನ ವೇಗದಲ್ಲಿರುವುದಿಲ್ಲ. ಪ್ಲಾಸ್ಮಾದಲ್ಲಿ ಸ್ಪಂದದ ವೇಗ ಹೀಗೆ ಕುಗ್ಗುತ್ತದೆ:

```
v = c √(1 − f_p²/f²)
```

ಪ್ಲಾಸ್ಮಾ ಆವೃತ್ತಿ 3 ಮೆಗಾಹರ್ಟ್ಜ್ ಇರುವ ಮಟ್ಟದಲ್ಲಿ ಸ್ಪಂದದ ವೇಗ ಬೆಳಕಿನ ವೇಗದ ಶೇ. 87ರಷ್ಟು, 6 ಇರುವ ಮಟ್ಟದಲ್ಲಿ ಸೊನ್ನೆ. ಮೇಲಕ್ಕೆ ಎಸೆದ ಕಲ್ಲು ನಿಧಾನಗೊಂಡು, ಕ್ಷಣಮಾತ್ರ ನಿಂತು, ಮರಳುವಂತೆ. ಹೋಲಿಕೆಗೆ ಮಾತ್ರ ಹೇಳಿದ್ದಲ್ಲ, ಸರಳರೇಖೆಯ ಏರಿಕೆಯಲ್ಲಿ ಸ್ಪಂದದ ವೇಗದ ಲೆಕ್ಕವೂ ಕಲ್ಲಿನ ಲೆಕ್ಕವೂ ಒಂದೇ ರೂಪದವು. ಕಲ್ಲಿನ ಸರಾಸರಿ ವೇಗ ಆರಂಭದ ವೇಗದ ಅರ್ಧವಿರುವಂತೆ, ಇಲ್ಲೂ 44.4 ಕಿಲೋಮೀಟರನ್ನು ಸ್ಪಂದ ಸರಾಸರಿ ಅರ್ಧ ಬೆಳಕಿನ ವೇಗದಲ್ಲಿ ದಾಟುತ್ತದೆ.

ನೆಲದ ಮೇಲಿನ ಉಪಕರಣಕ್ಕೆ ಇದು ಗೊತ್ತಿಲ್ಲ. ಅದು ಮರಳಿ ಬಂದ ಸಮಯವನ್ನು ಅಳೆದು, ಸ್ಪಂದ ಪೂರ್ತಿ ದಾರಿ ಬೆಳಕಿನ ವೇಗದಲ್ಲೇ ಹೋಯಿತೆಂದು ತಿಳಿದು ಎತ್ತರ ಹೇಳುತ್ತದೆ. ಅಳೆದ ಸಮಯ 1.93 ಮಿಲಿಸೆಕೆಂಡ್, ಹೇಳಿದ ಎತ್ತರ 288.9 ಕಿಲೋಮೀಟರ್. ನಿಜವಾದ ಎತ್ತರಕ್ಕಿಂತ 44 ಕಿಲೋಮೀಟರ್ ಹೆಚ್ಚು. ಇದನ್ನು ತೋರಿಕೆಯ ಎತ್ತರ ಎನ್ನುತ್ತಾರೆ. ಅಯಾನುಗೋಳದ ನಕ್ಷೆ ಓದುವಾಗ ಹೊಸಬರು ಎಡವುವುದು ಮೊದಲು ಇಲ್ಲಿಯೇ.

ಇದನ್ನೆಲ್ಲ ಅಳೆದು ನೋಡಿದವರು ಯಾರು? ಇಂದು ಹೇಗೆ ಅಳೆಯುತ್ತಾರೆ?

1901ರ ಡಿಸೆಂಬರಿನಲ್ಲಿ ಮಾರ್ಕೋನಿ ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿದೆನೆಂದು ಸಾರಿದಾಗ, ಭೂಮಿಯ ಉಬ್ಬನ್ನು ತರಂಗ ದಾಟಿದ್ದು ಹೇಗೆ ಎಂಬ ಪ್ರಶ್ನೆ ಎದ್ದಿತು. ಮರುವರ್ಷವೇ ಕೆನೆಲಿ ಮತ್ತು ಹೆವಿಸೈಡ್, ಒಬ್ಬರಿಂದೊಬ್ಬರು ಸ್ವತಂತ್ರವಾಗಿ, ಮೇಲೆ ವಿದ್ಯುತ್ ಹರಿಸಬಲ್ಲ ಪದರವಿರಬೇಕೆಂದು ಸೂಚಿಸಿದರು. ಅದರ ಎತ್ತರವನ್ನು ಮೊದಲು ಪ್ರಯೋಗದಿಂದ ಕಂಡವರು ಆಪಲ್ಟನ್ ಮತ್ತು ಬಾರ್ನೆಟ್, 1924ರ ಕೊನೆಯಲ್ಲಿ. ಸ್ವಲ್ಪ ಸಮಯದಲ್ಲೇ ಅಮೆರಿಕದಲ್ಲಿ ಬ್ರೈಟ್ ಮತ್ತು ಟ್ಯೂವ್ ಸ್ಪಂದ ಕಳಿಸಿ ಪ್ರತಿಧ್ವನಿ ಅಳೆಯುವ ಕ್ರಮವನ್ನು ತಂದರು. ಇಂದಿನ ಅಯಾನೋಸೋಂಡ್ ಉಪಕರಣ ಮಾಡುವುದೂ ಅದನ್ನೇ.

ಅಯಾನೋಸೋಂಡ್ ಒಂದೇ ಆವೃತ್ತಿಗೆ ನಿಲ್ಲುವುದಿಲ್ಲ. ಸುಮಾರು 1ರಿಂದ 20 ಮೆಗಾಹರ್ಟ್ಜ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಪ್ರತಿ ಆವೃತ್ತಿಗೂ ತೋರಿಕೆಯ ಎತ್ತರವನ್ನು ದಾಖಲಿಸಿ ಒಂದು ಗೆರೆಯಾಗಿ ಬಿಡಿಸುತ್ತದೆ. ನಮ್ಮ ಪದರದಲ್ಲಿ 3 ಮೆಗಾಹರ್ಟ್ಜ್ ಸ್ಪಂದ 222 ಕಿಲೋಮೀಟರಿನಿಂದ ಬಂದಂತೆ ಕಾಣುತ್ತದೆ, 6ರದು 289ರಿಂದ. ಆವೃತ್ತಿ 9ನ್ನು ಸಮೀಪಿಸಿದಂತೆ ನಿಜವಾದ ಪದರದಲ್ಲಿ ಗೆರೆ ಕಡಿದಾಗಿ ಮೇಲಕ್ಕೇರುತ್ತದೆ. ಏಕೆಂದರೆ ನಿಜವಾದ ಪದರದ ತುದಿ ಚೂಪಾಗಿರುವುದಿಲ್ಲ, ದುಂಡಗಿರುತ್ತದೆ. ಸಾಂದ್ರತೆ ಬಹುದೂರ ಹೆಚ್ಚುಕಡಿಮೆ ಒಂದೇ ಇರುವ ಆ ಜಾಗದಲ್ಲಿ ಸ್ಪಂದ ತೆವಳುತ್ತದೆ. ಆಮೇಲೆ ಗೆರೆ ಇಲ್ಲ: 9ಕ್ಕಿಂತ ಮೇಲಿನ ಸ್ಪಂದಗಳು ಪದರವನ್ನು ಸೀಳಿ ಹೊರಟುಹೋದವು. ಗೆರೆ ಕೊನೆಗೊಳ್ಳುವ ಈ ಆವೃತ್ತಿಗೆ ಕ್ರಾಂತಿಕ ಆವೃತ್ತಿ ಎಂದು ಹೆಸರು. ಅದನ್ನು ಒಂಬತ್ತರಿಂದ ಭಾಗಿಸಿ ವರ್ಗ ಮಾಡಿದರೆ ಪದರದ ತುದಿಯ ಎಲೆಕ್ಟ್ರಾನ್ ಸಾಂದ್ರತೆ ಕೈಗೆ ಸಿಗುತ್ತದೆ.

ಈ ಕ್ರಮಕ್ಕೆ ಒಂದು ಕುರುಡು ಜಾಗವಿದೆ. ತುದಿಯಿಂದ ಆಚೆಗೆ ಸಾಂದ್ರತೆ ಮತ್ತೆ ಇಳಿಯುತ್ತದೆ, ಆ ಇಳಿಜಾರನ್ನು ನೆಲದಿಂದ ಕಾಣಲಾಗದು. ತುದಿಯನ್ನು ದಾಟಿದ ಸ್ಪಂದವನ್ನು ಅದರಾಚೆ ತಿರುಗಿಸುವಷ್ಟು ಎಲೆಕ್ಟ್ರಾನುಗಳು ಎಲ್ಲೂ ಇಲ್ಲ. ಆ ಭಾಗವನ್ನು ಮೇಲಿನಿಂದಲೇ ನೋಡಬೇಕಾಯಿತು. 1962ರಲ್ಲಿ ಹಾರಿದ ಕೆನಡಾದ ಅಲುಯೆಟ್ 1 ಉಪಗ್ರಹ ಅಯಾನೋಸೋಂಡನ್ನು ತಲೆಕೆಳಗಾಗಿ ಹಿಡಿದಂತೆ ಕೆಳಮುಖವಾಗಿ ಸ್ಪಂದ ಕಳಿಸಿ ಆ ಕೆಲಸ ಮಾಡಿತು.

ಕ್ರಾಂತಿಕ ಆವೃತ್ತಿ 9 ಇರುವಾಗಲೂ 12 ಮೆಗಾಹರ್ಟ್ಜ್ ಕೇಂದ್ರಗಳು ದೂರದಿಂದ ಕೇಳಿಸುತ್ತವಲ್ಲ?

ಕೇಳಿಸುತ್ತವೆ, ಏಕೆಂದರೆ ಅವು ನೆಟ್ಟಗೆ ಮೇಲೆ ಹೋಗಿ ಬಂದವಲ್ಲ. ಓರೆಯಾಗಿ ಹೋಗುವ ತರಂಗವನ್ನು ಪೂರ್ತಿ ನಿಲ್ಲಿಸಬೇಕಿಲ್ಲ, ಅದರ ಮೇಲ್ಮುಖ ಚಲನೆಯನ್ನಷ್ಟೇ ನಿಲ್ಲಿಸಿದರೆ ಸಾಕು. ಪ್ಲಾಸ್ಮಾದೊಳಗೆ ಅದು ಸ್ವಲ್ಪ ಸ್ವಲ್ಪವಾಗಿ ಬಾಗಿ, ಅಡ್ಡಲಾಗಿ, ಮತ್ತೆ ಕೆಳಕ್ಕಿಳಿಯುತ್ತದೆ. ಲಂಬದಿಂದ φ ಕೋನದಷ್ಟು ಓರೆಯಾಗಿದ್ದರೆ ಬೇಕಾದ ಪ್ಲಾಸ್ಮಾ ಆವೃತ್ತಿ f cos φ ಮಾತ್ರ.

12 ಮೆಗಾಹರ್ಟ್ಜ್ ತರಂಗಕ್ಕೆ cos φ = 9/12 ಆಗುವ ಕೋನ 41.4 ಡಿಗ್ರಿ. ಇದಕ್ಕಿಂತ ಹೆಚ್ಚು ಓರೆಯಾದ ಕಿರಣಗಳೆಲ್ಲ ಮರಳುತ್ತವೆ, ಇದಕ್ಕಿಂತ ನೆಟ್ಟಗಿನವು ಬಾಹ್ಯಾಕಾಶ ಸೇರುತ್ತವೆ. ತೋರಿಕೆಯ ಎತ್ತರ 300 ಕಿಲೋಮೀಟರ್ ಎಂದಿಟ್ಟುಕೊಂಡು ಭೂಮಿಯನ್ನು ಚಪ್ಪಟೆಯೆಂದು ಬಗೆದರೆ, ಈ ಗಡಿಯ ಕಿರಣ ನೆಲ ಮುಟ್ಟುವುದು ಸುಮಾರು 530 ಕಿಲೋಮೀಟರ್ ಆಚೆ. ಹೀಗಾಗಿ ಒಂದು ವಿಚಿತ್ರ ಕಾಣುತ್ತದೆ: ಸಾವಿರ ಕಿಲೋಮೀಟರ್ ದೂರದವರಿಗೆ ಕೇಂದ್ರ ಸ್ಪಷ್ಟವಾಗಿ ಕೇಳಿಸುತ್ತದೆ, 300 ಕಿಲೋಮೀಟರ್ ದೂರದವರಿಗೆ ಸದ್ದೇ ಇಲ್ಲ. ನೆಲದ ಮೇಲೆ ಹರಡುವ ಅಲೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ, ಆಕಾಶದಿಂದ ಬರುವುದು ಅವರ ತಲೆಯ ಮೇಲೆ ಹಾರಿ ಹೋಗಿರುತ್ತದೆ. ರಿಸೀವರ್ ಕೆಟ್ಟಿದೆಯೆಂದು ಬಿಚ್ಚುವ ಮೊದಲು ಈ ಮೌನ ವಲಯವನ್ನು ನೆನೆಸಿಕೊಳ್ಳಬೇಕು.

ಮೀಡಿಯಂ ವೇವ್ ಇನ್ನೂ ಕೆಳ ಆವೃತ್ತಿಯದು. ಹಗಲಿನಲ್ಲಿ ದೂರದ ಕೇಂದ್ರಗಳು ಏಕೆ ಸಿಗುವುದಿಲ್ಲ?

ಈ ತನಕ ಡಿಕ್ಕಿಗಳನ್ನು ಮರೆತಿದ್ದೆವು. ಹಾಗೆ ಮರೆತರೆ 300 ಕಿಲೋಮೀಟರಿನಲ್ಲಿ ನಡೆಯುತ್ತದೆ, 80 ಕಿಲೋಮೀಟರಿನಲ್ಲಿ ನಡೆಯುವುದಿಲ್ಲ. ಹಗಲಿನಲ್ಲಿ ಮಾತ್ರ ಗಟ್ಟಿಯಾಗಿರುವ ಡಿ ಪದರ ಇರುವುದು 60ರಿಂದ 90 ಕಿಲೋಮೀಟರ್ ನಡುವೆ. ಅಲ್ಲಿ ಎಲೆಕ್ಟ್ರಾನುಗಳು ಕಡಿಮೆ, ಅನಿಲ ದಟ್ಟ. ಘನ ಮೀಟರಿಗೆ 10⁹ ಎಲೆಕ್ಟ್ರಾನುಗಳಿದ್ದರೆ ಪ್ಲಾಸ್ಮಾ ಆವೃತ್ತಿ 0.28 ಮೆಗಾಹರ್ಟ್ಜ್, ಹೀಗಾಗಿ 1 ಮೆಗಾಹರ್ಟ್ಜ್‌ನ ಮೀಡಿಯಂ ವೇವ್ ತರಂಗ ಇಲ್ಲಿ ತಿರುಗದೆ ಒಳಹೋಗುತ್ತದೆ. ಆದರೆ ಅಲುಗುವ ಎಲೆಕ್ಟ್ರಾನು ಸೆಕೆಂಡಿಗೆ ಹತ್ತು ಲಕ್ಷದ ಆಸುಪಾಸಿನಲ್ಲಿ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ, ಎಂದರೆ ತರಂಗದ ಪ್ರತಿ ತೂಗಾಟಕ್ಕೂ ಸುಮಾರು ಒಂದು ಡಿಕ್ಕಿ. ಪಡೆದ ಶಕ್ತಿಯನ್ನು ತರಂಗಕ್ಕೆ ಮರಳಿಸುವ ಮೊದಲೇ ಅದು ಅನಿಲದ ಶಾಖವಾಗಿ ಚೆಲ್ಲಿಹೋಗುತ್ತದೆ. ಮರಳಿಸಬಲ್ಲ ಪದರಗಳು ಮೇಲಿವೆ, ಅಲ್ಲಿಗೆ ತಲುಪುವ ಮುಂಚೆಯೇ ತರಂಗ ಬಳಲಿರುತ್ತದೆ. ಸೂರ್ಯ ಮುಳುಗಿದ ಮೇಲೆ ಡಿ ಪದರದ ಬಿಡಿ ಎಲೆಕ್ಟ್ರಾನುಗಳು ಬೇಗನೆ ಅಣುಗಳಿಗೆ ಅಂಟಿ ಮಾಯವಾಗುತ್ತವೆ, ಮೇಲಿನ ಪದರಗಳು ಉಳಿಯುತ್ತವೆ, ರಾತ್ರಿ ದೂರದ ಕೇಂದ್ರಗಳು ಏಳುತ್ತವೆ.

ಇದೇ ಕಾರಣಕ್ಕೆ ಸೂರ್ಯನಲ್ಲಿ ದೊಡ್ಡ ಜ್ವಾಲೆ ಎದ್ದಾಗ ಹಗಲಿನ ಬದಿಯಲ್ಲಿ ಶಾರ್ಟ್‌ವೇವ್ ಸಂಪರ್ಕವೂ ಥಟ್ಟನೆ ಸಾಯುತ್ತದೆ. ಆಗ ಎಫ್ ಪದರಕ್ಕೆ ಏನೂ ಆಗಿರುವುದಿಲ್ಲ. ಜ್ವಾಲೆಯ ಕ್ಷ-ಕಿರಣಗಳು ಡಿ ಪದರವನ್ನು ದಪ್ಪಗೊಳಿಸಿರುತ್ತವೆ. ಕೆಳ ಆವೃತ್ತಿಗಳು ಮೊದಲು ಸತ್ತು ಕೊನೆಗೆ ಚೇತರಿಸಿಕೊಂಡರೆ ಅದು ಹೀರಿಕೆ ಎಂದೂ, ಮೇಲಿನ ಆವೃತ್ತಿಗಳು ಮೊದಲು ಕೈಕೊಟ್ಟರೆ ಎಫ್ ಪದರವೇ ತೆಳುವಾಗಿದೆ ಎಂದೂ ಊಹಿಸಬಹುದು.

ಎಫ್‌ಎಂ ಮತ್ತು ಉಪಗ್ರಹ ಸಂಕೇತಗಳು?

100 ಮೆಗಾಹರ್ಟ್ಜ್ ಅನ್ನು ನೆಟ್ಟಗೆ ತಿರುಗಿಸಲು ಘನ ಮೀಟರಿಗೆ 10¹⁴ಕ್ಕೂ ಹೆಚ್ಚು ಎಲೆಕ್ಟ್ರಾನುಗಳು ಬೇಕು, ಎಫ್ ಪದರದ ನೂರು ಪಟ್ಟು. ಅಷ್ಟು ಅಲ್ಲಿಲ್ಲ, ಆದ್ದರಿಂದ ಅವು ಹಾದುಹೋಗುತ್ತವೆ. 1575 ಮೆಗಾಹರ್ಟ್ಜ್‌ನ ಜಿಪಿಎಸ್ ಸಂಕೇತವೂ ಹಾದುಹೋಗುತ್ತದೆ, ಆದರೆ ಕೊಂಚ ತಡವಾಗಿ. ಸ್ಪಂದವನ್ನು ನಿಧಾನಗೊಳಿಸಿದ ಅದೇ ಸೂತ್ರ ಇಲ್ಲಿ ಹಲವು ಮೀಟರುಗಳಷ್ಟು ದೂರದ ತಪ್ಪನ್ನು ತರುತ್ತದೆ. ತಡ ಆವೃತ್ತಿಯ ವರ್ಗಕ್ಕೆ ವಿಲೋಮವಾದ್ದರಿಂದ, ಎರಡು ಆವೃತ್ತಿಗಳಲ್ಲಿ ಸಂಕೇತ ಪಡೆದು ವ್ಯತ್ಯಾಸ ನೋಡಿದರೆ ಈ ತಪ್ಪನ್ನು ಕಳೆಯಬಹುದು.

ಹಾಗಾದರೆ ಆವೃತ್ತಿ ಎಷ್ಟು ಕಡಿಮೆಯೋ ಅಷ್ಟು ಖಚಿತವಾಗಿ ಮರಳುತ್ತದೆ ಎನ್ನಬಹುದೇ?

ಎನ್ನಲಾಗದು, ಏಕೆಂದರೆ ಭೂಮಿಗೆ ಕಾಂತಕ್ಷೇತ್ರವಿದೆ. ಅದು ಎಲೆಕ್ಟ್ರಾನುಗಳನ್ನು ತನ್ನ ರೇಖೆಗಳ ಸುತ್ತ ಸೆಕೆಂಡಿಗೆ ಹತ್ತು ಲಕ್ಷದ ಮೇಲೆ ಸುತ್ತಿಸುತ್ತದೆ. ನಮ್ಮ 6 ಮೆಗಾಹರ್ಟ್ಜ್‌ಗೆ ಇದರ ಪರಿಣಾಮ ಚಿಕ್ಕದು: ಅಯಾನೋಸೋಂಡಿನ ಚಿತ್ರದಲ್ಲಿ ಒಂದರ ಬದಲು ಎರಡು ಗೆರೆಗಳು, ಒಂದು ಇನ್ನೊಂದಕ್ಕಿಂತ ಸ್ವಲ್ಪ ಬಲಕ್ಕೆ. ಎಡಗಡೆಯ ಗೆರೆಯನ್ನೇ ಓದಬೇಕು, ಸಾದಾ ಸೂತ್ರ ಅನ್ವಯಿಸುವುದು ಅದಕ್ಕೆ.

ಕೆಲವು ಕಿಲೋಹರ್ಟ್ಜ್‌ನ ತರಂಗಗಳಿಗೆ ಮಾತ್ರ ಕಥೆಯೇ ಬದಲಾಗುತ್ತದೆ. ಎಲೆಕ್ಟ್ರಾನು ಈಗ ಬಿಡಿಯಲ್ಲ, ಕಾಂತರೇಖೆಗೆ ಗೂಟಕ್ಕೆ ಕಟ್ಟಿದಂತೆ ಕಟ್ಟಿಕೊಂಡಿದೆ. ಎಲೆಕ್ಟ್ರಾನು ಸುತ್ತುವ ದಿಕ್ಕಿನಲ್ಲೇ ಸುತ್ತುವ ನಿಧಾನದ ತರಂಗಕ್ಕೆ ಅದು ಗಾಜಿನೊಳಗಿನ ಎಲೆಕ್ಟ್ರಾನಿನಂತೆ ಸ್ಪಂದಿಸುತ್ತದೆ, ಕಳೆಯುವ ಬದಲು ಕೂಡುತ್ತದೆ. ಅಂಥ ತರಂಗ ಪ್ಲಾಸ್ಮಾ ಆವೃತ್ತಿಗಿಂತ ಸಾವಿರ ಪಟ್ಟು ಕೆಳಗಿದ್ದರೂ ಅಯಾನುಗೋಳವನ್ನು ತೂರಿಹೋಗುತ್ತದೆ. ಮಿಂಚಿನಿಂದ ಹುಟ್ಟಿದ ಇಂಥ ಅಲೆಗಳಲ್ಲಿ ಹೆಚ್ಚಿನ ಭಾಗ ಅಯಾನುಗೋಳದ ತಳದಿಂದಲೇ ಮರಳಿದರೂ, ಒಂದಿಷ್ಟು ಮೇಲೆ ಸೋರಿ ಕಾಂತರೇಖೆಯ ಗುಂಟ ಸಾವಿರಾರು ಕಿಲೋಮೀಟರ್ ಹೋಗಿ ಇನ್ನೊಂದು ಗೋಳಾರ್ಧದಲ್ಲಿ ಇಳಿಯುತ್ತದೆ. ದಾರಿಯಲ್ಲಿ ಎತ್ತರದ ಸ್ವರಗಳು ಮುಂದೋಡಿ ಕೆಳಸ್ವರಗಳು ಹಿಂದುಳಿಯುತ್ತವೆ. ಉದ್ದನೆಯ ತಂತಿ ಮತ್ತು ಒಂದು ಶ್ರವ್ಯ ಆಂಪ್ಲಿಫೈಯರ್ ಇದ್ದರೆ ಅದು ಮೇಲಿನಿಂದ ಕೆಳಕ್ಕೆ ಜಾರುವ ಸಿಳ್ಳೆಯಾಗಿ ಕೇಳಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ದೂರವಾಣಿ ಮಾತು ಕದ್ದು ಕೇಳುತ್ತಿದ್ದಾಗ ಬಾರ್ಕ್‌ಹೌಸೆನ್ ಈ ಸಿಳ್ಳೆಗಳನ್ನು ಗಮನಿಸಿದ್ದರು. ಅವು ಕಾಂತರೇಖೆಯ ದಾರಿಯಲ್ಲಿ ಬಂದವೆಂದು 1953ರಲ್ಲಿ ತೋರಿಸಿಕೊಟ್ಟವರು ಎಲ್. ಆರ್. ಓ. ಸ್ಟೋರಿ.

ಲೋಹಗಳ ಹೊಳಪಿಗೂ ಇದೇ ಕಾರಣ ಎನ್ನುತ್ತಾರೆ. ನಿಜವೇ?

ನಿಜ. ಲೋಹದೊಳಗೂ ಬಿಡಿ ಎಲೆಕ್ಟ್ರಾನುಗಳಿವೆ, ಆದರೆ ಬಹಳ ದಟ್ಟವಾಗಿ. ಸೋಡಿಯಂನಲ್ಲಿ ಘನ ಮೀಟರಿಗೆ ಸುಮಾರು 2.5 × 10²⁸. ಅದೇ 9√N ಸೂತ್ರಕ್ಕೆ ಹಾಕಿದರೆ 1.4 × 10¹⁵ ಹರ್ಟ್ಜ್ ಸಿಗುತ್ತದೆ, ಅಂದರೆ 210 ನ್ಯಾನೋಮೀಟರ್ ತರಂಗದೂರದ ಅತಿನೇರಳೆ. ಕಣ್ಣಿಗೆ ಕಾಣುವ ಬೆಳಕೆಲ್ಲ ಇದಕ್ಕಿಂತ ಕೆಳ ಆವೃತ್ತಿಯದು, ಅದು ಮರಳುತ್ತದೆ, ಸೋಡಿಯಂ ಬೆಳ್ಳಿಯಂತೆ ಹೊಳೆಯುತ್ತದೆ. 210 ನ್ಯಾನೋಮೀಟರಿಗಿಂತ ಚಿಕ್ಕ ಅತಿನೇರಳೆ ಕಿರಣಗಳಿಗೆ ಸೋಡಿಯಂನ ತೆಳು ಪೊರೆ ಪಾರದರ್ಶಕ. 1930ರ ದಶಕದಲ್ಲಿ ಆರ್. ಡಬ್ಲ್ಯೂ. ವುಡ್ ಇದನ್ನು ಪ್ರಯೋಗದಲ್ಲಿ ಕಂಡರು.